ಬೂಮರ್ ಅಜ್ಜ, ಜೆನ್ ಜೀ ಮೊಮ್ಮಗ

"ಸಂಪಾದಕರೇ, ಕೆಪಿಎಸ್‌ಸಿ ಪರೀಕ್ಷೆ ಕಟ್ಟೋ ಅಂದಿದ್ದಕ್ಕೆ ಇಪ್ಪತ್ತೆರಡರ ಮೊಮ್ಮಗ 'ಅಜ್ಜ, ನೀನು ಪಕ್ಕಾ ಬೂಮರ್' ಅಂದ. 'ನೀವು ಜೆನ್ ಜೀಗಳು ಒಂದು ಕಡೆ ನಿಲ್ಲೋರಲ್ಲ' ಅಂತ ನಾನೂ ಬೈದೆ. ನಾನು 1957ರಲ್ಲಿ ಹುಟ್ಟಿದವನು, ಪಿಂಚಣಿದಾರ. ಇಬ್ಬರೂ ಬೈದುಕೊಂಡಿದ್ದಕ್ಕೆ ಅರ್ಥವಾದರೂ ಏನು?" — ಒಬ್ಬ ಓದುಗ, ದಾವಣಗೆರೆ

ಸ್ವಾಮಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜನನಗಳು ಒಮ್ಮೆಲೇ ಏರಿದವು. 1946ರಿಂದ 1964ರವರೆಗೆ ಅಲ್ಲಿ ಹುಟ್ಟಿದವರು ಬೂಮರ್‌ಗಳು. ನಮ್ಮಲ್ಲಿ ಹೆರಿಗೆಗಳು ಅದಕ್ಕೂ ಮೊದಲೂ ಹೆಚ್ಚು, ಆಮೇಲೂ ಹೆಚ್ಚು. ಅಂಥ ದಿಢೀರ್ ಏರಿಕೆ ಕಾಣುವುದಿಲ್ಲ. ಇಸವಿ ನಿಮಗೆ ಹೊಂದುತ್ತದೆ, ಅದರ ಕಥೆ ಹೊಂದುವುದಿಲ್ಲ. ಇನ್ನು ಜೆನ್ ಜೀ ಅಂದರೆ 1997ರ ಸುಮಾರಿನಿಂದ ಈಚೆಗೆ ಹುಟ್ಟಿದ ತಲೆಮಾರು.

ಒಬ್ಬ ಮನುಷ್ಯ ಹೀಗೇಕೆ ಅನ್ನುವುದಕ್ಕೆ ಮೂರು ಕಾರಣ ಬೆರೆತಿರುತ್ತವೆ: ಅವನ ವಯಸ್ಸು, ಎಲ್ಲರಿಗೂ ಒಟ್ಟಿಗೆ ತಟ್ಟುವ ಕಾಲ, ಮತ್ತು ಅವನು ಯಾವ ಹೊತ್ತಿಗೆ ಬದುಕಿಗಿಳಿದ ಎಂಬುದು. ಇವತ್ತು ಒಂದೇ ಸಲ ಅಜ್ಜ–ಮೊಮ್ಮಗರನ್ನು ಕೇಳಿ ನೋಡಿದರೆ ಮೂರನ್ನೂ ಬಿಡಿಸಲಾಗದು. ಒಂದು ಕಡೆ ನಿಲ್ಲದಿರುವುದು ಮೊಮ್ಮಗನ ತಲೆಮಾರಿನ ಗುಣವೋ, ಇಪ್ಪತ್ತೆರಡರ ಗುಣವೋ? ಗೊತ್ತಾಗಬೇಕಾದರೆ ಅವನನ್ನು ಇಂದಿನ ನಿಮ್ಮ ಜೊತೆಯಲ್ಲ, ಇಪ್ಪತ್ತೆರಡರ ನಿಮ್ಮ ಜೊತೆ ಹೋಲಿಸಬೇಕು. ಈ ಹಣೆಪಟ್ಟಿಗಳನ್ನು ಹೆಚ್ಚು ಬಳಸಿದ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯೇ 2023ರಲ್ಲಿ, ಒಂದೇ ಪ್ರಾಯದಲ್ಲಿ ಹೋಲಿಸಬಲ್ಲ ಹಳೆಯ ಅಂಕಿಅಂಶ ಇದ್ದರೆ ಮಾತ್ರ ತಲೆಮಾರುಗಳ ವಿಶ್ಲೇಷಣೆ ಮಾಡುತ್ತೇವೆ ಎಂದು ಹೇಳಿತು.

ಇನ್ನು ನಿಮ್ಮ ಜಗಳ. ಅದರ ಬುಡದಲ್ಲಿರುವುದು ಹುಟ್ಟಿದ ವರ್ಷವಲ್ಲ, ಒಂದು ಸರ್ಕಾರಿ ದಿನಾಂಕ: 2006ರ ಏಪ್ರಿಲ್ 1. ಅದಕ್ಕೆ ಮೊದಲು ರಾಜ್ಯ ಸರ್ಕಾರಿ ನೌಕರಿಗೆ ಸೇರಿ ಪೂರ್ಣ ಸೇವೆ ಮಾಡಿದವರಿಗೆ ಕೊನೆಯ ವೇತನದ ಅರ್ಧ ಪಿಂಚಣಿ. ಆ ದಿನದಿಂದ ಸೇರಿದವರಿಗೆ ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆ: ಮೂಲವೇತನ, ತುಟ್ಟಿಭತ್ಯೆಯಲ್ಲಿ ಶೇಕಡಾ 10 ಕಡಿತ, ಸರ್ಕಾರವೂ ತನ್ನ ಪಾಲು ಹಾಕುತ್ತದೆ, ಕೈಗೆ ಎಷ್ಟು ಬರುತ್ತದೆ ಎಂಬುದು ಮಾರುಕಟ್ಟೆಗೆ ಬಿಟ್ಟಿದ್ದು. (ನೇಮಕಾತಿ ಅಧಿಸೂಚನೆ ಮೊದಲೇ ಹೊರಬಿದ್ದಿದ್ದ ಕೆಲವರ ಮಾತು ಬೇರೆ.)

1982ರಲ್ಲಿ ಹುಟ್ಟಿದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬ 2004ರಲ್ಲಿ ಕೆಲಸಕ್ಕೆ ಸೇರಿದ, ಇನ್ನೊಬ್ಬ 2007ರಲ್ಲಿ. ಒಂದೇ ಕಚೇರಿ, ಅಕ್ಕಪಕ್ಕದ ಮೇಜು, ಹಣೆಪಟ್ಟಿ ಇಬ್ಬರಿಗೂ 'ಮಿಲೇನಿಯಲ್'. ನಿವೃತ್ತಿಯ ಭಯ ಮಾತ್ರ ಒಬ್ಬನಿಗೆ. ಅತ್ತ ನಿಮ್ಮದೇ ವಯಸ್ಸಿನ, ಊರಿನ ಹತ್ತಿಗಿರಣಿ ಮುಚ್ಚಿ ಮನೆಗೆ ಬಂದ ಕಾರ್ಮಿಕನನ್ನೂ ನಿಮ್ಮ ಮೊಮ್ಮಗ ಬೂಮರ್ ಎಂದೇ ಕರೆದಾನು. ಅವನಿಗೆ ಎಲ್ಲಿಯ ಪಿಂಚಣಿ?

ಹಾಗಾಗಿ ಈ ಬೈಗುಳಗಳು ಹೇಳುವುದಿಷ್ಟೇ: ನಿನ್ನ ಮಾತಿಗೆ ಉತ್ತರ ಕೊಡಬೇಕಿಲ್ಲ, ನಿನ್ನ ವಯಸ್ಸೇ ಉತ್ತರ. ಅದರಲ್ಲಿ ನಿಮ್ಮದೂ ಕಡಿಮೆಯೇನಲ್ಲ ಬಿಡಿ. ಸರ್ಕಾರಿ ನೌಕರಿ ಅಂದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ನಿಮ್ಮ ಪಿಂಚಣಿ. ಅವನಿಗೆ ಸಿಗುವುದು ಅದಲ್ಲ. ಆದರೂ ಸಂಬಳ, ರಜೆ, ವರ್ಗಾವಣೆ ಇವೆಲ್ಲ ಸೇರಿ ಅದು ಒಳ್ಳೆಯ ಕೆಲಸವೇ ಇರಬಹುದು. ನಿಮ್ಮ ಇಲಾಖೆಯಲ್ಲಿ 2006ರ ನಂತರ ಸೇರಿದ ಯಾರಾದರೂ ಪರಿಚಯವಿದ್ದರೆ, ಅವರ ಸಂಬಳದ ಚೀಟಿ ಕೇಳಿ ತಂದು ಇಬ್ಬರೂ ಕೂತು ನೋಡಿ.