ಎಎನ್‌ಬಿ 4 ಎಂಬ ಅಂಕಿಯನ್ನು ನಂಬುವ ಮುನ್ನ

“ನನ್ನ 12 ವರ್ಷದ ಮಗಳ ಮೇಲಿನ ಹಲ್ಲುಗಳು ಮುಂದೆ ಬಂದಿವೆ. ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇಯಲ್ಲಿ ಎಎನ್‌ಬಿ 4 ಡಿಗ್ರಿ ಬಂದಿದೆ. ಹಲ್ಲು ಕೀಳಿಸಬೇಕೇ, ಬರೀ ತಂತಿ ಸಾಕೇ?”

ಮೇಲ್ದವಡೆಗಿಂತ ಕೆಳದವಡೆ ಎಷ್ಟು ಹಿಂದಿದೆಯೆಂದು ಹೇಳುವ ಕೋನವೇ ಎಎನ್‌ಬಿ. ನನ್ನ ವರದಿಯಲ್ಲೂ ಇದೇ 4 ಇತ್ತು, ಅದು ತಪ್ಪು ಅಂಕಿಯಾಗಿತ್ತು. ಆಗ ನನಗೆ 13 ವರ್ಷ. ಸೇಡಂನಿಂದ ಅವ್ವನೊಂದಿಗೆ ಬಸ್ಸಿನಲ್ಲಿ ಕಲಬುರಗಿಗೆ ಬಂದು ಎಕ್ಸ್‌ರೇ ತೆಗೆಸಿಕೊಂಡಿದ್ದೆ. ಉಬ್ಬುಹಲ್ಲೆಂದು ಶಾಲೆಯಲ್ಲಿ ಆಡಿಕೊಳ್ಳುತ್ತಿದ್ದುದರಿಂದ, ಯಾರಾದರೂ ನೋಡಿದರೆ ಕೆಳದವಡೆಯನ್ನು ಮುಂದಕ್ಕೆ ತಳ್ಳಿ ಹಿಡಿಯುವ ಅಭ್ಯಾಸ ನನಗಿತ್ತು. ಯಂತ್ರದ ಎರಡು ಕಡ್ಡಿಗಳು ಕಿವಿಯೊಳಗೆ ಕೂತಿದ್ದವು. “ಹಲ್ಲು ಕಚ್ಚು, ಅಲ್ಲಾಡಬ್ಯಾಡ” ಎಂದ ತಂತ್ರಜ್ಞರ ಮಾತಿಗೆ ನಾನು ಮುಂದಿನ ಹಲ್ಲುಗಳನ್ನು ಹತ್ತಿರ ತಂದು ಕಚ್ಚಿದೆ. ದವಡೆಹಲ್ಲುಗಳು ಕೂಡಿರಲೇ ಇಲ್ಲ.

ಇದರಿಂದ ಏನಾಯಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಲೆಬುರುಡೆಯ ನಡುವೆ ಪಿಟ್ಯುಟರಿ ಗ್ರಂಥಿ ಕೂರುವ ಕುಳಿಯಿಂದ ಮೂಗಿನ ಬುಡಕ್ಕೆ ಒಂದು ಗೆರೆ ಎಳೆಯುತ್ತಾರೆ. ಮೂಗಿನ ಬುಡದಿಂದ ಮೇಲ್ದವಡೆಯ ಮುಂಭಾಗದ ತಗ್ಗಿಗೆ ಎಳೆದ ಗೆರೆಯ ಕೋನ ಎಸ್‌ಎನ್‌ಎ, ಕೆಳದವಡೆಯ ತಗ್ಗಿಗೆ ಎಳೆದದ್ದು ಎಸ್‌ಎನ್‌ಬಿ. ಸಾಮಾನ್ಯವಾಗಿ ಇವು 82 ಮತ್ತು 80; ಅಂತರವಾದ ಎಎನ್‌ಬಿ ಸುಮಾರು 2. ನನ್ನದು 81 ಮತ್ತು 77 ಎಂದು ಬಂತು. ಅಷ್ಟು ಅಂತರವನ್ನು ಹಲ್ಲು ಸರಿಸಿಯೇ ಸರಿದೂಗಿಸಬಹುದೆಂದು ತಂತಿ ಹಾಕಿದರು.

ಮೂರು ವರ್ಷದ ನಂತರ ಬೇರೊಬ್ಬ ವೈದ್ಯರು, ನಾಲಿಗೆಯ ತುದಿಯನ್ನು ಅಂಗುಳಿನ ಹಿಂಭಾಗಕ್ಕೆ ಮಡಚಿ ನಿಧಾನವಾಗಿ ಕಚ್ಚಲು ಹೇಳಿದಾಗ, ನನ್ನ ಕೆಳದವಡೆ ಸುಮಾರು 5 ಮಿಲಿಮೀಟರ್ ಹಿಂದೆ ಜಾರಿತು. ಹೊಸ ಎಕ್ಸ್‌ರೇಯಲ್ಲಿ ಎಸ್‌ಎನ್‌ಬಿ 74, ಎಎನ್‌ಬಿ 7. ಹಳೆಯ ಚಿತ್ರವನ್ನು ಬೆಳಕಿಗೆ ಹಿಡಿದು, ದವಡೆಯ ಕೀಲಿನ ಗುಂಡುತುದಿ ಅದರ ಕುಳಿಯಲ್ಲಿ ಕೂರದೆ ಮುಂದೆ ಸರಿದಿರುವುದನ್ನು ಅವರು ಬೆರಳಿಟ್ಟು ತೋರಿಸಿದರು. ಕೆಳದವಡೆ ಬೆಳೆಯುವ ಭರದಲ್ಲಿದ್ದಾಗ ಹಾಕಬೇಕಿದ್ದ, ಅದನ್ನು ಮುಂದಕ್ಕೆ ಹಿಡಿದಿಡುವ ಸಾಧನವಾದ ಟ್ವಿನ್ ಬ್ಲಾಕ್‌ನ ಕಾಲ ಆಗಲೇ ಮೀರಿತ್ತು. ಉಳಿದದ್ದು ಶಸ್ತ್ರಚಿಕಿತ್ಸೆ, ಇಲ್ಲವೇ ಮೇಲಿನ ಎರಡು ಹಲ್ಲು ಕೀಳಿಸಿ ಮುಂದಿನವನ್ನು ಒಳಕ್ಕೆಳೆಯುವುದು. ಎರಡನೆಯದನ್ನು ಮಾಡಿಸಿದೆ, ಹಲ್ಲು ಕೂಡಿದವು, ಗದ್ದ ಮಾತ್ರ ಇದ್ದಲ್ಲೇ ಇದೆ.

ಹಾಗಾಗಿ ಕೀಳಿಸುವುದೋ ತಂತಿಯೋ ಎಂಬ ನಿಮ್ಮ ಪ್ರಶ್ನೆಯೇ ಈಗ ಸಲ್ಲದು. ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವಿನ ಅಂತರವನ್ನು, ಮಗಳು ದವಡೆಹಲ್ಲು ಕೂಡಿಸಿ ಕಚ್ಚಿದಾಗ, ಬಾಯಲ್ಲೇ ಅಳೆಯಲು ವೈದ್ಯರನ್ನು ಕೇಳಿ. ಎಕ್ಸ್‌ರೇಯಲ್ಲಿನ ಅಂತರಕ್ಕೆ ಅದು ತಾಳೆಯಾಗದಿದ್ದರೆ ಇನ್ನೊಂದು ತೆಗೆಸಿ. ತಾಳೆಯಾದರೂ, ಮೂಗಿನ ಬುಡ ಹಿಂದೆ ಮುಂದೆ ಇರುವವರಲ್ಲಿ ಎಎನ್‌ಬಿ ದಾರಿ ತಪ್ಪಿಸುವುದರಿಂದ, ಹಲ್ಲು ಕೂಡುವ ಗೆರೆಯ ಮೇಲೆ ಎರಡೂ ದವಡೆಗಳನ್ನು ಅಳೆಯುವ ‘ವಿಟ್ಸ್’ ಅಂಕಿಯನ್ನೂ ಕೇಳಿ. ಎರಡೂ ಅಂಕಿಗಳು ಕೆಳದವಡೆ ಹಿಂದಿದೆ ಎಂದರೆ, ಆಕೆಗೆ ಬೆಳವಣಿಗೆ ಎಷ್ಟು ಬಾಕಿ ಇದೆಯೆಂದು ಅದೇ ಚಿತ್ರದಲ್ಲಿ ಕಾಣುವ ಕತ್ತಿನ ಮೂಳೆಗಳ ಆಕಾರ ನೋಡಿ ಹೇಳುವಂತೆ ಕೇಳಿ, ತಂತಿಯ ಮಾತು ಆಮೇಲೆ.