ಫೋನ್ ಆಫ್ ಆದ ರಾತ್ರಿ ಮಾತ್ರೆ ನೆನಪಿಸುವವರು ಯಾರು?

ಪ್ರಶ್ನೆ: ಅವ್ವ ಕಾರಟಗಿಯಲ್ಲಿ ಒಬ್ಬರೇ ಇರುತ್ತಾರೆ, ನಾನು ಬಳ್ಳಾರಿಯಲ್ಲಿ. ರಾತ್ರಿ 8ಕ್ಕೆ ಅವರ ಫಿಟ್ಸ್ ಮಾತ್ರೆ ತಪ್ಪಬಾರದು. ಅವರ ಫೋನಿನಲ್ಲಿ ಅಲಾರಾಂ ಇದೆ, ನಾನು ವಾಟ್ಸಾಪ್ ಮೆಸೇಜೂ ಹಾಕುತ್ತೇನೆ. ಹೋದ ವಾರ ಕರೆಂಟ್ ಇಲ್ಲದೆ ಫೋನ್ ಆಫ್ ಆಗಿ ಮಾತ್ರೆ ತಪ್ಪಿತು. ಇನ್ನೊಂದು ಆ್ಯಪ್ ಹಾಕಲಾ?

ಉತ್ತರ: ಬೇಡ. ಎಷ್ಟು ಆ್ಯಪ್ ಹಾಕಿದರೂ ಎಲ್ಲಕ್ಕೂ ಅದೇ ಬ್ಯಾಟರಿ ತಾನೇ? ಎಸ್ಸೆಮ್ಮೆಸ್ಸೂ ಅಷ್ಟೇ. ಫೋನ್ ಆನ್ ಆಗುವವರೆಗೆ ಅದು ಕಂಪನಿಯ ಬಳಿಯೇ ಕಾಯುತ್ತದೆ. ರಾತ್ರಿ ಹತ್ತೂವರೆಗೆ ಬಂದರೆ ಏನು ಪ್ರಯೋಜನ? ಇನ್ನೊಂದು ಮಾತು. ಚಾರ್ಜ್ ಪೂರ್ತಿ ಇಳಿದ ಫೋನು ಕರೆಂಟ್ ಬಂದ ಮೇಲೂ ಸಾಮಾನ್ಯವಾಗಿ ತಾನಾಗಿ ಆನ್ ಆಗುವುದಿಲ್ಲ. ಬ್ಯಾಟರಿ ಚಿತ್ರ ತೋರಿಸುತ್ತಾ ಸುಮ್ನೆ ಬಿದ್ದಿರುತ್ತದೆ.

ಮೊದಲು ಸೆಲ್ ಹಾಕುವ ಒಂದು ಅಲಾರಾಂ ಗಡಿಯಾರ ತನ್ನಿ. ಅದಕ್ಕೆ ಕರೆಂಟೂ ಬೇಡ, ನೆಟ್‌ವರ್ಕೂ ಬೇಡ. ಮುಳ್ಳಿನ ಗಡಿಯಾರವಾದರೆ ಬೆಳಿಗ್ಗೆ 8ಕ್ಕೂ ಬಡಿಯುತ್ತದೆ. ಅವ್ವ ಬೇಸರಪಟ್ಟು ಅಲಾರಾಂ ಗುಂಡಿ ಒತ್ತಿಟ್ಟರೆ ರಾತ್ರಿ ಅದೂ ಸುಮ್ಮನಿರುತ್ತದೆ. ಹಾಗಾಗಿ ಅಂಕಿ ತೋರಿಸುವ, 24 ಗಂಟೆ ಲೆಕ್ಕದ ಗಡಿಯಾರವೇ ಒಳ್ಳೆಯದು. ಸೆಲ್ ಮುಗಿಯುವವರೆಗೆ ಕಾಯಬೇಡಿ, ಪ್ರತಿ ಯುಗಾದಿಗೆ ಹೊಸದು ಹಾಕಿ.

ಆದರೆ ಗಡಿಯಾರ ಬಡಿಯಿತು ಅಂದರೆ ಮಾತ್ರೆ ನುಂಗಿದರು ಅಂತಲ್ಲ. ವಾಟ್ಸಾಪ್‌ನಲ್ಲಿ ಎರಡು ಟಿಕ್ ಬಿದ್ದರೂ ಮೆಸೇಜ್ ಫೋನಿಗೆ ತಲುಪಿದೆ ಅಂತಷ್ಟೇ ಅರ್ಥ. ಅದಕ್ಕೇ ಲೆಕ್ಕ ತಿರುಗಿಸಿ. ನೀವು ನೆನಪಿಸುವ ಬದಲು, ಮಾತ್ರೆ ನುಂಗಿದ ಮೇಲೆ ಅವ್ವ ನಿಮಗೆ ಮಿಸ್ಡ್ ಕಾಲ್ ಕೊಡಲಿ. 8.15ರೊಳಗೆ ಬರಲಿಲ್ಲವೋ, ಅದೇ ನಿಮಗೆ ಅಲಾರಾಂ. ಫೋನ್ ಆಫ್ ಆಗಿರಲಿ, ರೀಚಾರ್ಜ್ ಮುಗಿದು ಹೊರಗೆ ಕಾಲ್ ಹೋಗದಿರಲಿ, ಅವರು ನಿದ್ದೆ ಹೋಗಿರಲಿ, ಕಾರಣ ಯಾವುದಾದರೂ ನಿಮಗೆ ಗೊತ್ತಾಗುತ್ತದೆ. ಕೂಡಲೇ ಫೋನ್ ಮಾಡಿ. ‘ಸ್ವಿಚ್ ಆಫ್’ ಅಂತ ಬಂದರೆ ಪಕ್ಕದ ಮನೆಯವರಿಗೆ ಮಾಡಿ, ಅವರು ಹೋಗಿ ಬಾಗಿಲು ಬಡಿಯಲಿ. ಅವರ ಸಿಮ್ ಬೇರೆ ಕಂಪನಿಯದಿದ್ದರೆ ಒಳ್ಳೆಯದು. ಕರೆಂಟ್ ತುಂಬಾ ಹೊತ್ತು ಹೋದರೆ ಟವರ್ ಕೂಡ ನಿಲ್ಲುತ್ತದೆ, ಅಲ್ವಾ?

ನಿಮ್ಮ ಫೋನೂ ಆಫ್ ಆಗಬಹುದು. ಹಾಗಾಗಿ ಅವ್ವನ ಮಿಸ್ಡ್ ಕಾಲ್ ಅಣ್ಣನಿಗೋ ತಂಗಿಗೋ ಕೂಡ ಹೋಗಲಿ. 8.30ಕ್ಕೆ ಅವರೂ ನೋಡಲಿ.

ಅವ್ವ ‘ನುಂಗಿದೆನೋ ಇಲ್ಲವೋ ನೆನಪಿಲ್ಲ’ ಅಂದರೆ? ವಾರದ ಏಳು ಖಾನೆಯ ಮಾತ್ರೆ ಡಬ್ಬಿ ಇರಲಿ. ಇವತ್ತಿನ ಖಾನೆ ಖಾಲಿಯೋ ತುಂಬಿದೆಯೋ ಅಂತ ಪಕ್ಕದವರು ನೋಡಿ ಹೇಳಬಹುದು. ತಡವಾದರೆ ಎಷ್ಟು ಗಂಟೆಯವರೆಗೆ ನುಂಗಬಹುದು ಅಂತ ಡಾಕ್ಟರನ್ನು ಈಗಲೇ ಕೇಳಿ, ಮುಚ್ಚಳದ ಮೇಲೆ ಬರೆದಿಡಿ. ನೀವಾಗಿಯೇ ಎರಡು ಮಾತ್ರೆ ಒಟ್ಟಿಗೆ ಕೊಡಿಸಬೇಡಿ.

ಇಷ್ಟಾದ ಮೇಲೆ ಒಂದು ಸಂಜೆ ಏಳೂವರೆಗೆ ಅವ್ವನ ಫೋನನ್ನು ಬೇಕಂತಲೇ ಆಫ್ ಮಾಡಿಸಿ. ಪಕ್ಕದವರಿಗೂ ತಂಗಿಗೂ ಮೊದಲೇ ಹೇಳಬೇಡಿ. 8.45ರೊಳಗೆ ಯಾರೂ ಬಾಗಿಲು ಬಡಿಯದಿದ್ದರೆ ನಡುವೆ ಎಲ್ಲಿ ಕೈತಪ್ಪಿತು ಅಂತ ಹುಡುಕಿ.