ಶೇಕಡಾ ನೋಡಿ ಪಂದಿ ಕರಿ ತೆಗೆಯಲು ಹೊರಟವರು

ಮಡಿಕೇರಿ ಕಡೆ ಸಣ್ಣ ಹೋಟೆಲ್ ನಡೆಸುವ ದಂಪತಿ. ಗುರುತು ಸಿಗದಂತೆ ವಿವರ, ಅಂಕಿ ಬದಲಿಸಿದ್ದೇನೆ. ಮೆನುವಿನಲ್ಲಿ ಯಾವುದನ್ನು ಕೈಬಿಡಬೇಕೆಂಬ ಮಾತು ಮನೆಯ ಜಗಳವಾಗಿತ್ತು. ಇದೇ ಜಗಳ ಹೊತ್ತು ನನ್ನ ಬಳಿ ಸಲಹೆಗೆ ಬರುವವರು ಹೆಚ್ಚುತ್ತಿರುವುದರಿಂದ ಬರೆಯುತ್ತಿದ್ದೇನೆ.

ಎರಡನೇ ಭೇಟಿಯಲ್ಲಿ ಗಂಡ ಲೆಕ್ಕದ ಪುಸ್ತಕ ತೆರೆದರು. "ಪಂದಿ ಕರಿ, ಕಡಂಬುಟ್ಟಿಗೆ 320 ರೂಪಾಯಿ. ಸಾಮಾನಿಗೇ 150 ಹೋಗುತ್ತೆ, ನೂರಕ್ಕೆ 47. ಸಸ್ಯಾಹಾರಿ ಊಟಕ್ಕೆ ನೂರಕ್ಕೆ 33 ಅಷ್ಟೆ. ಪಂದಿ ಕರಿ ನಿಲ್ಲಿಸೋಣ."

ಅಲ್ಲಿಯವರೆಗೆ ಸುಮ್ಮನಿದ್ದ ಹೆಂಡತಿ ಕೇಳಿದರು: "ಊಟದ 120ರಲ್ಲಿ 40 ಕಳೆದ್ರೆ ಉಳಿಯೋದು 80. ಪಂದಿ ಕರೀಲಿ 170. ಬ್ಯಾಂಕಿನ ಕಂತು ಯಾವುದರಿಂದ ಕಟ್ಟೋದು ರೀ?"

ಮೆನುವಿನಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಅಳೆಯಲು ಕಸವಾನಾ ಮತ್ತು ಸ್ಮಿತ್ 1982ರಲ್ಲಿ ಮುಂದಿಟ್ಟ 'ಮೆನು ಎಂಜಿನಿಯರಿಂಗ್' ವಿಧಾನದ ತಿರುಳೂ ಇದೇ: ಶೇಕಡಾ ಬಿಡಿ, ಪ್ಲೇಟಿಗೆ ಉಳಿಯುವ ರೂಪಾಯಿ ನೋಡಿ. ಅಲ್ಲೇ ಕೂತು ಲೆಕ್ಕ ಹಾಕಿದೆವು. ಐದು ಬಗೆ, ತಿಂಗಳಿಗೆ 1000 ಪ್ಲೇಟ್. ಸಮಪಾಲು ಅಂದರೆ 200. ಅದರ ನೂರಕ್ಕೆ 70, ಅಂದರೆ 140 ಪ್ಲೇಟ್ ದಾಟಿದ್ದು ಜನಪ್ರಿಯ. ಒಟ್ಟು ಉಳಿಕೆಯನ್ನು 1000ದಿಂದ ಭಾಗಿಸಿದಾಗ ಸರಾಸರಿ 127 ರೂಪಾಯಿ ಬಂತು, ಅದು ಎರಡನೇ ಗೆರೆ.

330 ಪ್ಲೇಟ್ ಹೋಗುವ ಪಂದಿ ಕರಿ ಎರಡೂ ಗೆರೆ ದಾಟಿದ ಸ್ಟಾರ್. ಊಟ 250 ಹೋದರೂ ಉಳಿಕೆ ಕಡಿಮೆ, ಹಾಗಾಗಿ ಪ್ಲೌ ಹಾರ್ಸ್. 300 ಪ್ಲೇಟಿನ ಕೋಳಿ ಕರಿಯೂ ಅದೇ ಮನೆಗೆ ಬಿತ್ತು, ಆದರೆ ಉಳಿಕೆ 120. ಗೆರೆಗೆ ಇಷ್ಟು ಹತ್ತಿರವಿರುವುದನ್ನು ಮುಟ್ಟಬೇಡಿ ಎಂದೆ. ಎಗ್ ಫ್ರೈಡ್ ರೈಸ್ 50 ಪ್ಲೇಟ್, ಉಳಿಕೆ 85, ಎರಡೂ ಗೆರೆ ದಾಟದ ಅದು ಡಾಗ್, ತೆಗೆಯಿರಿ ಎಂದೆ. ಊಟಕ್ಕೆ ಹತ್ತು ರೂಪಾಯಿ ಏರಿಸಲು ಹೇಳಿದೆ. ಅದನ್ನು ತೆಗೆಯಬಾರದು: ಐವರ ಕುಟುಂಬದಲ್ಲಿ ಒಬ್ಬರು ಮಾಂಸ ತಿನ್ನದಿದ್ದರೂ ಊಟವಿಲ್ಲದ ಹೋಟೆಲಿಗೆ ಐವರೂ ಬರುವುದಿಲ್ಲ.

ಚರ್ಚೆ ಉದ್ದವಾದದ್ದು ಕಣಿಲೆ ಕರಿ, ಅಕ್ಕಿ ರೊಟ್ಟಿಯ ಮೇಲೆ. ಉಳಿಕೆ 150, ಹೋದದ್ದು 70 ಪ್ಲೇಟ್, ಉಳಿಕೆ ಹೆಚ್ಚಿದ್ದರೂ ಮಾರಾಟ ಕಡಿಮೆ, ಅಂದರೆ ಪಜಲ್. ಇಬ್ಬರೂ ತೆಗೆಯೋಣ ಎಂದರು, ನಾನು ಒಪ್ಪಲಿಲ್ಲ. ಮಾರಾಟದ ಚೀಟಿ ನೋಡಿದರೆ ತಿಂಗಳಲ್ಲಿ ಹನ್ನೆರಡು ದಿನ ಕಣಿಲೆಯೇ ಇರಲಿಲ್ಲ. ಖಾಲಿಯಾದ ದಿನವನ್ನೂ ಸೇರಿಸಿ ಎಣಿಸಿದರೆ ಒಳ್ಳೆಯ ಅಡುಗೆಯೂ ಯಾರಿಗೂ ಬೇಡವಾದಂತೆ ಕಾಣುತ್ತದೆ. ಜೊತೆಗೆ ಹೆಸರು ಕಾರ್ಡಿನ ಕೊನೆಯಲ್ಲಿತ್ತು. ಹೊರಗಿನಿಂದ ಬಂದವರಿಗೆ ಅದು ಎಳೆ ಬಿದಿರು ಎಂದು ತಿಳಿಯುವುದು ಹೇಗೆ? ಪಂದಿ ಕರಿಯ ಕೆಳಗೇ ಬರೆಯಿರಿ, ಒಂದು ಸಾಲಿನ ವಿವರಣೆ ಕೊಡಿ, ಅರ್ಧ ಪ್ಲೇಟೂ ಇಡಿ ಎಂದೆ.

ಈ ವಿಧಾನ ಕೂಲಿಯನ್ನು ಎಣಿಸುವುದಿಲ್ಲ. ಕಣಿಲೆ ಸುಲಿದು, ಹೆಚ್ಚಿ, ನೀರು ಬದಲಿಸುತ್ತಾ ನೆನೆಸುವ ಕೆಲಸ ಹೆಂಡತಿಯದು. ಆ ಹೊತ್ತಿನ ಕೂಲಿ ಕಳೆದ ಮೇಲೂ 127ಕ್ಕಿಂತ ಹೆಚ್ಚು ಉಳಿದರೆ ಮಾತ್ರ ಇಟ್ಟುಕೊಳ್ಳಿ ಎಂದೆ. ಪಂದಿಯ ಖರ್ಚನ್ನೂ ಹಸಿ ತೂಕದಲ್ಲಿ ಹಾಕಿದ್ದರು. ಬೆಂದ ಮೇಲೆ ತೂಕ ಇಳಿಯುತ್ತದೆ. ಬೆಂದ ಮಾಂಸ ತೂಗಿ, ಹುಳಿಗೆ ಹಾಕುವ ಕಾಚಂಪುಳಿ, ಮಸಾಲೆಯ ಖರ್ಚೂ ಸೇರಿಸಿ ಮಳೆಗಾಲದಲ್ಲಿ ಮತ್ತೆ ಲೆಕ್ಕ ತರಲು ಹೇಳಿ ಕಳಿಸಿದೆ.